ಒಡೆದ ಒತ್ತಕ್ಷರ: ತಪ್ಪು ಪಠ್ಯದ್ದೋ, ಜೋಡಣೆಯದ್ದೋ?



ಹೊರದೇಶಗಳ ಕನ್ನಡ ಬಳಗಗಳು ಅಚ್ಚು ಹಾಕಿಸುವ ಬ್ಯಾನರುಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ‘ಸ್ವಾತಂತ್ರ್ಯ’ ಎಂದಿರಬೇಕಾದಲ್ಲಿ ‘ಸ್‌ವಾತಂತ್‌ರ್‌ಯ’ ಎಂದಿರುತ್ತದೆ. ‘ಭ್ರಾತೃತ್ವ’ವು ‘ಭ್‌ರಾತೃತ್‌ವ’ ಆಗಿರುತ್ತದೆ. ‘ಧರ್ಮ’ದ ಅರ್ಕಾವೊತ್ತು ಮಾಯವಾಗಿ ‘ಧರ್‌ಮ’ ಎಂದು ನಿಂತಿರುತ್ತದೆ. ಸಂವಿಧಾನದ ಪೀಠಿಕೆಯನ್ನು ಕನ್ನಡದಲ್ಲಿ ಹೊತ್ತು ನಿಲ್ಲಬೇಕೆಂದು ಹೊರಟವರ ಕೈಯಲ್ಲಿ ಓದಲಾಗದ ಪೀಠಿಕೆ ಉಳಿಯುತ್ತದೆ. ಆಗ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆಯುತ್ತದೆ: ಟೈಪ್ ಮಾಡಿದವರ ಮೇಲೆ ದೂರು ಬೀಳುತ್ತದೆ, ಕನ್ನಡ ಲಿಪಿಯೇ ಯಂತ್ರಕ್ಕೆ ಒಗ್ಗದ್ದು ಎಂಬ ಹಳೆಯ ಮಾತು ಹೊರಬರುತ್ತದೆ, ಇಲ್ಲವೇ ಕನ್ನಡವನ್ನು ಕೈಬಿಟ್ಟು ಇಂಗ್ಲಿಷಿನಲ್ಲಿ ಬರೆಯುವುದೇ ಸುಲಭವೆಂಬ ತೀರ್ಮಾನವಾಗುತ್ತದೆ. ಮೂರೂ ತಪ್ಪು. ಹೆಚ್ಚಿನ ಸಂದರ್ಭಗಳಲ್ಲಿ ಟೈಪ್ ಮಾಡಿದ್ದು ಸರಿಯಾಗಿಯೇ ಇರುತ್ತದೆ. ಒಡೆದಿರುವುದು ಪಠ್ಯವಲ್ಲ, ಅದನ್ನು ತೆರೆಯ ಮೇಲೆ ಜೋಡಿಸುವ ಕೆಲಸ. ಆ ಕೆಲಸ ಎಲ್ಲಿ ಕೆಟ್ಟಿದೆಯೆಂದು ಪತ್ತೆ ಮಾಡುವುದು ಹೇಗೆ, ಕೆಡದಂಥ ಫಾಂಟನ್ನು ಆರಿಸುವುದು ಹೇಗೆ ಎಂಬುದು ಇಂದಿನ ಮಾತಿನ ವಸ್ತು.

ಮೊದಲು ಯೂನಿಕೋಡ್ ಬರುವ ಮುಂಚಿನ ಸ್ಥಿತಿಯನ್ನು ನೆನೆಯಬೇಕು. ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಕಾಲದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಗುಡಿಸು, ಒತ್ತುಗಳನ್ನು, ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸಲಾಗುತ್ತಿತ್ತು. ಕಡತದಲ್ಲಿ ಉಳಿಯುತ್ತಿದ್ದುದು ಕನ್ನಡವಲ್ಲ, ಕನ್ನಡದ ಚಿತ್ರದ ತುಂಡುಗಳ ಸಾಲು. ಆದ್ದರಿಂದಲೇ ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣುತ್ತಿತ್ತು. ಫಾಂಟ್ ಇದ್ದರೆ ಒತ್ತಕ್ಷರ ಒಡೆಯುತ್ತಿರಲಿಲ್ಲ. ಇಲ್ಲದಿದ್ದರೆ ಭಾಷೆಯೇ ಇರುತ್ತಿರಲಿಲ್ಲ.

ಯೂನಿಕೋಡ್ ಈ ಕ್ರಮವನ್ನು ತಲೆಕೆಳಗು ಮಾಡಿತು. ಅದು ಚಿತ್ರವನ್ನು ಉಳಿಸುವುದಿಲ್ಲ, ಅಕ್ಷರವನ್ನು ಉಳಿಸುತ್ತದೆ. ಅದೂ ಉಚ್ಚರಿಸುವ ಕ್ರಮದಲ್ಲಿ. ಕನ್ನಡಕ್ಕೆ U+0C80ರಿಂದ U+0CFFರವರೆಗಿನ 128 ಮನೆಗಳು ಮೀಸಲಾಗಿವೆ. ಅವುಗಳಲ್ಲಿ ‘ನ’ ಇದೆ, ‘ನ’ ಒತ್ತು ಇಲ್ಲ. ‘ರ’ ಇದೆ, ಅರ್ಕಾವೊತ್ತು ಇಲ್ಲ. ಒತ್ತುಗಳೆಲ್ಲವನ್ನೂ ಸೂಚಿಸಲು ಇರುವುದು ಒಂದೇ ಚಿಹ್ನೆ, U+0CCD ಎಂಬ ವಿರಾಮ, ಅಂದರೆ ವ್ಯಂಜನದ ಸ್ವರವನ್ನು ಕಿತ್ತುಹಾಕುವ ಗುರುತು. ವ್ಯಂಜನ, ವಿರಾಮ, ಮತ್ತೆ ವ್ಯಂಜನ ಎಂಬ ಸಾಲು ಬಂದರೆ ಅದು ಒತ್ತಕ್ಷರವೆಂದು ಅರ್ಥ ಮಾಡಿಕೊಂಡು ಆಕಾರ ಕೊಡುವ ಹೊಣೆ ತೆರೆಯ ಕಡೆಯದು. ಕನ್ನಡವನ್ನು ಹುಡುಕಲು, ವಿಂಗಡಿಸಲು, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸಲು ಸಾಧ್ಯವಾದದ್ದು ಈ ಏರ್ಪಾಡಿನಿಂದ. ಒತ್ತಕ್ಷರ ಒಡೆಯುವ ಅಪಾಯ ಹುಟ್ಟಿಕೊಂಡದ್ದೂ ಇದರಿಂದಲೇ.

‘ಸ್ವಾತಂತ್ರ್ಯ’ವನ್ನೇ ಬಿಡಿಸಿ ನೋಡೋಣ. ಕಡತದಲ್ಲಿ ಈ ಪದ ಹನ್ನೊಂದು ಸಂಕೇತಗಳ ಸಾಲು:

```
ಸ  ್  ವ  ಾ  ತ  ಂ  ತ  ್  ರ  ್  ಯ
```

ಕಣ್ಣಿಗೆ ಕಾಣಬೇಕಾದದ್ದು ಮೂರು ಅಕ್ಷರ: ಸ್ವಾ, ತಂ, ತ್ರ್ಯ. ಹನ್ನೊಂದನ್ನು ಮೂರಾಗಿಸುವ ಕೆಲಸ ಇಬ್ಬರಿಗೆ ಹಂಚಿಹೋಗಿದೆ. ಮೊದಲನೆಯದು ಅಕ್ಷರ ಜೋಡಿಸುವ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಇವುಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ವಿಂಡೋಸ್ ಮತ್ತು ಆ್ಯಪಲ್ ವ್ಯವಸ್ಥೆಗಳಲ್ಲಿ ಅವುಗಳದೇ ಆದವು ಇವೆ. ಇದು ಸಾಲನ್ನು ಅಕ್ಷರಗಳಾಗಿ ಕಡಿಯುತ್ತದೆ, ಪ್ರತಿ ಅಕ್ಷರದಲ್ಲಿ ಬುಡದ ವ್ಯಂಜನ ಯಾವುದು, ಒತ್ತು ಯಾವುದು ಎಂದು ನಿರ್ಧರಿಸುತ್ತದೆ. ಎರಡನೆಯದು ಫಾಂಟಿನೊಳಗಿನ ನಿಯಮಗಳ ಪಟ್ಟಿ. ‘ವಿರಾಮದ ಮುಂದೆ ರ ಬಂದರೆ ಈ ಎರಡನ್ನೂ ತೆಗೆದು ರ ಒತ್ತಿನ ಚಿತ್ರ ಇಡು’ ಎಂಬಂಥ ನಿಯಮಗಳು ಅಲ್ಲಿರುತ್ತವೆ. ಒತ್ತುಗಳ ನಿಯಮಗಳಿಗೆ ಫಾಂಟಿನಲ್ಲಿ `blwf` ಎಂದೂ ಅರ್ಕಾವೊತ್ತಿನ ನಿಯಮಕ್ಕೆ `rphf` ಎಂದೂ ಹೆಸರು. ತಂತ್ರಾಂಶ ಪ್ರಶ್ನೆ ಕೇಳುತ್ತದೆ, ಫಾಂಟ್ ಉತ್ತರ ಕೊಡುತ್ತದೆ. ಪ್ರಶ್ನೆಯನ್ನೇ ಕೇಳದಿದ್ದರೂ, ಉತ್ತರವೇ ಇಲ್ಲದಿದ್ದರೂ ಫಲ ಒಂದೇ: ವಿರಾಮದ ಗುರುತು ಬಹಿರಂಗವಾಗಿ ನಿಂತು ಒತ್ತಕ್ಷರ ಒಡೆಯುತ್ತದೆ.

ಬರಿಯ ಬದಲಾವಣೆಯಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಕನ್ನಡದಲ್ಲಿ ಸ್ಥಾನಪಲ್ಲಟವೂ ಇದೆ. ‘ತ್ರಿ’ ಎಂಬಲ್ಲಿ ಸಂಕೇತಗಳ ಕ್ರಮ ತ, ವಿರಾಮ, ರ, ಗುಡಿಸು. ಗುಡಿಸು ‘ರ’ದ ಹಿಂದೆ ಬಂದಿದ್ದರೂ ಏರಿ ಕೂರುವುದು ‘ತ’ದ ತಲೆಯ ಮೇಲೆ. ‘ಧರ್ಮ’ದಲ್ಲಿ ‘ರ’ ಮೊದಲು ಬರುತ್ತದೆ, ‘ಮ’ ಆಮೇಲೆ. ಆದರೆ ತೆರೆಯ ಮೇಲೆ ‘ಮ’ ಮುಂದೆ ಹೋಗಿ, ‘ರ’ ಅರ್ಕಾವೊತ್ತಾಗಿ ಅದರ ಹಿಂದೆ ನಿಲ್ಲುತ್ತದೆ. ಅಚ್ಚುಮೊಳೆಯ ಕಾಲದಲ್ಲಿ ಈ ಪಲ್ಲಟವನ್ನು ಮೊಳೆ ಜೋಡಿಸುವವರ ಕೈ ಮಾಡುತ್ತಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲರ ನಿಘಂಟಿನ ಒಂದೊಂದು ಪುಟದಲ್ಲೂ ಆ ಕೈಗಳ ತಿಳಿವಳಿಕೆ ಇದೆ. ಹಸ್ತಪ್ರತಿಯಲ್ಲಿ ಇದ್ದದ್ದನ್ನು ಓದಿ, ಯಾವ ತುಂಡು ಎಲ್ಲಿಗೆ ಹೋಗಬೇಕೆಂದು ಅವರು ತೀರ್ಮಾನಿಸುತ್ತಿದ್ದರು. ಇಂದು ಆ ತಿಳಿವಳಿಕೆಯ ಅರ್ಧ ಭಾಗ ತಂತ್ರಾಂಶದಲ್ಲಿದೆ, ಅರ್ಧ ಫಾಂಟಿನಲ್ಲಿದೆ. ಒಬ್ಬ ಕೆಲಸಗಾರ ರಜೆ ಹಾಕಿದರೂ ಪುಟ ಕೆಡುತ್ತದೆ.

ಹಾಗಾದರೆ ರಜೆ ಹಾಕಿದವರು ಯಾರು? ಕೆಟ್ಟ ರೂಪವನ್ನು ಗಮನವಿಟ್ಟು ನೋಡಿದರೆ ಅದೇ ಉತ್ತರ ಹೇಳುತ್ತದೆ.

ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ, ಬದಲಿ ಫಾಂಟೂ ಸಿಕ್ಕಿಲ್ಲ. `PÀ£ÀßqÀ` ಎಂಬಂಥ ಸಾಲು ಕಂಡರೆ ಪಠ್ಯ ಯೂನಿಕೋಡಿನಲ್ಲಿಲ್ಲ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಪಠ್ಯವನ್ನು ಪರಿವರ್ತಿಸಬೇಕು. ಚುಕ್ಕಿಗಳ ವೃತ್ತವೊಂದು ಕಂಡು ಅದಕ್ಕೆ ಗುಡಿಸೋ ಕೊಂಬೋ ಅಂಟಿಕೊಂಡಿದ್ದರೆ, ಸ್ವರಚಿಹ್ನೆಗೆ ಬುಡದಲ್ಲಿ ವ್ಯಂಜನ ಸಿಕ್ಕಿಲ್ಲ ಎಂದರ್ಥ. ಚಿಹ್ನೆಗೆ ಮುಂಚೆ ಖಾಲಿ ಜಾಗ ಬಿದ್ದಿರುತ್ತದೆ, ಇಲ್ಲವೇ ಸೊನ್ನೆಯನ್ನು ಮೊದಲು ಒತ್ತಿ ಗುಡಿಸನ್ನು ಆಮೇಲೆ ಒತ್ತಿರುತ್ತಾರೆ. ಹಳೆಯ ಕಡತಗಳನ್ನು ಅವಸರದಲ್ಲಿ ಯೂನಿಕೋಡಿಗೆ ತಂದಾಗ ಇಂಥವು ಹೆಚ್ಚು. ಇಲ್ಲಿ ಮಾತ್ರ ತಪ್ಪು ಪಠ್ಯದ್ದೇ.

ಉಳಿದವು ಎರಡು, ಇಂದಿನ ಮಾತಿಗೆ ಮುಖ್ಯವಾದವು. ಪುಟದ ಎಲ್ಲ ಒತ್ತಕ್ಷರಗಳೂ ಒಡೆದಿದ್ದು, ‘ಕನ್ನಡ’ ಎಂಬ ಪದ ಕೂಡ ‘ಕನ್‌ನಡ’ ಆಗಿದ್ದರೆ ಸಂಶಯ ಮೊದಲು ತಂತ್ರಾಂಶದ ಮೇಲೆ ಹೋಗಬೇಕು. ‘ಕನ್ನಡ’ ಸರಿಯಾಗಿದ್ದು ‘ತಂತ್ರ್ಯ’, ‘ಲಕ್ಷ್ಮಿ’ಯಂಥ ಕೆಲವು ಮಾತ್ರ ಒಡೆದಿದ್ದರೆ ತಂತ್ರಾಂಶ ತನ್ನ ಕೆಲಸ ಮಾಡುತ್ತಿದೆ, ಫಾಂಟಿನ ಪಟ್ಟಿಯಲ್ಲಿ ಆ ಜೋಡಣೆಗೆ ಉತ್ತರವಿಲ್ಲ. ಸಂಶಯ ನೀಗಿಸಿಕೊಳ್ಳುವ ದಾರಿ ಸರಳ. ಕೆಟ್ಟು ಕಾಣುತ್ತಿರುವ ಅದೇ ಪಠ್ಯವನ್ನು ನಕಲು ಮಾಡಿ ಫೋನಿನ ಟಿಪ್ಪಣಿಯಲ್ಲಿ ಅಂಟಿಸಬೇಕು. ಅಲ್ಲಿ ಸರಿಯಾಗಿ ಕಂಡರೆ ಪಠ್ಯ ನಿರ್ದೋಷಿ. ಆಮೇಲೆ ಕೆಟ್ಟ ಜಾಗದಲ್ಲೇ ಫಾಂಟನ್ನು Noto Sans Kannada ಅಥವಾ ವಿಂಡೋಸ್ ಯಂತ್ರವಾದರೆ Nirmala UI ಎಂದು ಬದಲಿಸಬೇಕು. ಸರಿಹೋದರೆ ತಪ್ಪು ಮೊದಲಿನ ಫಾಂಟಿನದು. ಆಗಲೂ ಒಡೆದೇ ಇದ್ದರೆ ತಪ್ಪು ತಂತ್ರಾಂಶದ್ದು. ಇನ್ನು ಜಗತ್ತಿನ ಯಾವ ಫಾಂಟನ್ನು ತಂದರೂ ಅಲ್ಲಿ ಉಪಯೋಗವಿಲ್ಲ. ಒಂದು ಎಚ್ಚರ: ಪಿಡಿಎಫ್‌ನಿಂದ ನಕಲು ಮಾಡಿ ಈ ಪರೀಕ್ಷೆ ಮಾಡಬಾರದು. ಪಿಡಿಎಫ್ ಮುಖ್ಯವಾಗಿ ಜೋಡಿಸಿದ ಚಿತ್ರಗಳನ್ನು ಉಳಿಸುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವ ಪಿಡಿಎಫ್‌ನಿಂದಲೂ ಕಲಸಿಹೋದ ಅಕ್ಷರಗಳು ಹೊರಬರುವುದುಂಟು. ಮೂಲ ಕಡತದಿಂದಲೇ ನಕಲು ಮಾಡಬೇಕು.

ಒಂದು ಉದಾಹರಣೆಯಾಗಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಬಳಗವೊಂದು ‘ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ’ ಎಂಬ ಬ್ಯಾನರ್ ಮಾಡಿಸುತ್ತಿದೆ ಎಂದುಕೊಳ್ಳೋಣ. ಪಠ್ಯ ವಾಟ್ಸ್ಆ್ಯಪಿನಲ್ಲಿ ಬಂದಿದೆ, ಅಲ್ಲಿ ಚೆನ್ನಾಗಿ ಕಾಣುತ್ತಿದೆ. ವಿನ್ಯಾಸಕಾರರು ಅದನ್ನು ಫೋಟೋಶಾಪಿನಲ್ಲಿ ಅಂಟಿಸಿದೊಡನೆ ಮೊದಲ ಮತ್ತು ಕೊನೆಯ ಪದಗಳು ಒಡೆಯುತ್ತವೆ. ನಡುವಿನ ‘ಸಮಾನತೆ’ಗೆ ಏನೂ ಆಗುವುದಿಲ್ಲ, ಏಕೆಂದರೆ ಅದರಲ್ಲಿ ಒತ್ತಕ್ಷರವೇ ಇಲ್ಲ. ಫಾಂಟನ್ನು Noto Sans Kannada ಮಾಡಿದರೂ ‘ಸ್ವಾ’ ಒಡೆದೇ ಇದೆ. ಅಂದರೆ ಪ್ರಶ್ನೆ ಕೇಳುವವರೇ ಇಲ್ಲ. ಫೋಟೋಶಾಪಿಗೆ ಅಕ್ಷರ ಜೋಡಿಸುವ ಒಂದಕ್ಕಿಂತ ಹೆಚ್ಚು ಕ್ರಮಗಳಿವೆ. ರೋಮನ್ ಲಿಪಿಗೆಂದು ಮಾಡಿದ ಕ್ರಮ ಆಯ್ಕೆಯಾಗಿದ್ದರೆ ಭಾರತೀಯ ಲಿಪಿಗಳ ನಿಯಮಗಳನ್ನು ಅದು ಕೇಳುವುದಿಲ್ಲ. ಪ್ಯಾರಾಗ್ರಾಫ್ ಫಲಕದ ಪಟ್ಟಿಯಲ್ಲಿ `World-Ready Layout` ಎಂಬುದನ್ನು ಆರಿಸಿದಾಗ ಎರಡೂ ಪದಗಳು ಕೂಡಿಕೊಳ್ಳುತ್ತವೆ. ಇನ್‌ಡಿಸೈನಿನಲ್ಲಿ ಇದೇ ಕೆಲಸಕ್ಕೆ `Adobe World-Ready Paragraph Composer` ಎಂಬ ಆಯ್ಕೆಯಿದೆ. ಕಾರ್ಯಕ್ರಮದ ಚಿತ್ರಗಳ ಮೇಲೆ ಹೆಸರುಗಳನ್ನು ಪೈಥಾನಿನ ಪಿಲ್ಲೋ ಮೂಲಕ ಬರೆಯುವವರಿಗೂ ಇದೇ ಅಡಚಣೆ ಬರುತ್ತದೆ. ಪಿಲ್ಲೋ ಜತೆ `raqm` ಎಂಬ ಅಂಗ ಇಲ್ಲದಿದ್ದರೆ ಒತ್ತಕ್ಷರ ಕೂಡುವುದಿಲ್ಲ.

ಈಗ ಬ್ಯಾನರಿನ ಶೀರ್ಷಿಕೆಗೆ ದಪ್ಪನೆಯ, ಅಲಂಕಾರದ ಫಾಂಟ್ ಬೇಕೆಂದು ವಿನ್ಯಾಸಕಾರರು ಅಂತರ್ಜಾಲದಲ್ಲಿ ಸಿಕ್ಕ ಒಂದನ್ನು ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. ‘ಸ್ವಾ’ ಸರಿಯಾಗಿದೆ, ‘ತ್ರ್ಯ’ ಮಾತ್ರ ‘ತ್ರ್‌ಯ’ ಆಗಿದೆ. ಈ ಬಾರಿ ತಪ್ಪು ಫಾಂಟಿನದು. ಎರಡು ವ್ಯಂಜನಗಳ ಜೋಡಣೆಗೆ ನಿಯಮ ಬರೆದ ವಿನ್ಯಾಸಕಾರರು ಮೂರರ ಜೋಡಣೆಯನ್ನು ಪರೀಕ್ಷಿಸಿಲ್ಲ. ಫಾಂಟ್ ಆಯ್ಕೆಯ ಪ್ರಶ್ನೆ ನಿಜವಾಗಿ ಎದುರಾಗುವುದು ಇಲ್ಲಿ.

ಫಾಂಟನ್ನು ಅದರ ಜಾಹೀರಾತಿನ ಚಿತ್ರ ನೋಡಿ ಆರಿಸಬಾರದು. ಅಲ್ಲಿ ಸಾಮಾನ್ಯವಾಗಿ ವರ್ಣಮಾಲೆಯೋ ‘ಕನ್ನಡ’ ಎಂಬ ಪದವೋ ಇರುತ್ತದೆ, ಅವು ಎಲ್ಲ ಫಾಂಟುಗಳಲ್ಲೂ ಸರಿಯಾಗಿಯೇ ಬರುತ್ತವೆ. ಬದಲಿಗೆ ಈ ಕೆಲವು ಪದಗಳನ್ನು ಒಂದು ಕಡತದಲ್ಲಿ ಇಟ್ಟುಕೊಂಡು, ಹೊಸ ಫಾಂಟ್ ಸಿಕ್ಕಾಗಲೆಲ್ಲ ಅದರಲ್ಲಿ ಇಟ್ಟು ನೋಡಬೇಕು:

```
ಸ್ವಾತಂತ್ರ್ಯ  ರಾಷ್ಟ್ರೀಯ  ಲಕ್ಷ್ಮಿ  ಧರ್ಮ  ಆರ್ಥಿಕ
ಭ್ರಾತೃತ್ವ  ಜ್ಞಾನ  ರಾಜ್‌ಕುಮಾರ್  ರ‍್ಯಾಲಿ
```

ಒಂದೊಂದು ಪದಕ್ಕೂ ಒಂದು ಕೆಲಸವಿದೆ. ‘ಸ್ವಾತಂತ್ರ್ಯ’ ಮತ್ತು ‘ರಾಷ್ಟ್ರೀಯ’ ಮೂರು ವ್ಯಂಜನಗಳ ಜೋಡಣೆಯನ್ನು ಪರೀಕ್ಷಿಸುತ್ತವೆ. ‘ಷ್ಟ್ರೀ’ಯಲ್ಲಿ ‘ಟ’ ಒತ್ತು ಮತ್ತು ‘ರ’ ಒತ್ತು ಒಂದರ ಮೇಲೊಂದು ಬಿದ್ದು ಕಪ್ಪು ಕಲೆಯಾದರೆ, ನಿಯಮವಿದ್ದರೂ ಒತ್ತುಗಳಿಗೆ ಜಾಗ ಹಂಚಿಲ್ಲವೆಂದು ತಿಳಿಯಬೇಕು. ‘ಲಕ್ಷ್ಮಿ’ಯ ಪರೀಕ್ಷೆ ಬೇರೆ ಬಗೆಯದು: ಬಹುತೇಕ ಫಾಂಟುಗಳಲ್ಲಿ ‘ಕ್ಷ’ಕ್ಕೆ ತನ್ನದೇ ಚಿತ್ರವಿದೆ, ಆದರೆ ಆ ಚಿತ್ರಕ್ಕೆ ಇನ್ನೊಂದು ಒತ್ತು ಮತ್ತು ಗುಡಿಸು ಸೇರಿದಾಗ ಬಡ ಫಾಂಟುಗಳು ಸೋಲುತ್ತವೆ. ‘ಧರ್ಮ’ ಅರ್ಕಾವೊತ್ತನ್ನು ನೋಡುತ್ತದೆ. ‘ಆರ್ಥಿಕ’ದಲ್ಲಿ ಗುಡಿಸು ‘ಥ’ದ ಮೇಲೆ ಕೂತು, ಅರ್ಕಾವೊತ್ತು ಅದಾದ ಮೇಲೆ ಬಂದಿದೆಯೇ ಎಂದು ಗಮನಿಸಬೇಕು. ‘ಭ್ರಾತೃತ್ವ’ದಲ್ಲಿ ‘ತ’ಕ್ಕೆ ಸೇರಿದ ವಟ್ರಸುಳಿ ಪಕ್ಕದ ‘ತ್ವ’ಕ್ಕೆ ಡಿಕ್ಕಿ ಹೊಡೆಯುತ್ತಿಲ್ಲವೇ ಎಂದು ನೋಡಬೇಕು.

ಕೊನೆಯ ಎರಡು ಪದಗಳು ಸೂಕ್ಷ್ಮ. ಕೆಲವೆಡೆ ಕನ್ನಡಿಗರಿಗೆ ಒತ್ತಕ್ಷರ ಬೇಡವಾಗಿರುತ್ತದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ವಿರಾಮದ ಮುಂದೆ ಕಾಣದ ಒಂದು ಸಂಕೇತವನ್ನು ಇಡಬೇಕು. ಅದು U+200C, ಜೋಡಣೆಯನ್ನು ತಡೆಯುವಂಥದು. ‘ರ‍್ಯಾಲಿ’ಯಲ್ಲಿ ‘ರ’ ಅರ್ಕಾವೊತ್ತಾಗದೆ ಪೂರ್ಣಾಕ್ಷರವಾಗಿಯೇ ಉಳಿದು ‘ಯ’ ಒತ್ತಾಗಬೇಕು. ಅದಕ್ಕೆ ‘ರ’ ಮತ್ತು ವಿರಾಮದ ನಡುವೆ U+200D ಎಂಬ ಇನ್ನೊಂದು ಕಾಣದ ಸಂಕೇತ ಬರುತ್ತದೆ. ಇವುಗಳ ಜಾಗದಲ್ಲಿ ಖಾಲಿ ತೆರಪೋ ಚೌಕವೋ ಕಂಡರೆ, ಅಥವಾ ಇವು ಇದ್ದರೂ ‘ರಾಜ್ಕುಮಾರ್’, ‘ರ್ಯಾಲಿ’ ಎಂದೇ ಬಂದರೆ ಆ ಫಾಂಟ್ ಅಥವಾ ತಂತ್ರಾಂಶ ಅರೆಬರೆ.

ಪರೀಕ್ಷೆಯಲ್ಲಿ ಒಂದು ಮೋಸವಿದೆ. ಆರಿಸಿದ ಫಾಂಟಿನಲ್ಲಿ ಕನ್ನಡವಿಲ್ಲದಿದ್ದರೆ ಬ್ರೌಸರು ಸದ್ದಿಲ್ಲದೆ ಬೇರೆ ಫಾಂಟಿನಿಂದ ಅಕ್ಷರ ತಂದು ತೋರಿಸುತ್ತದೆ. ಹೆಸರು ಒಂದರದು, ಅಕ್ಷರ ಇನ್ನೊಂದರದು. ದಪ್ಪ ಬದಲಿಸಿದರೂ ಹೆಸರು ಬದಲಿಸಿದರೂ ಕನ್ನಡ ಒಂದೇ ರೀತಿ ಕಂಡರೆ ಈ ಮೋಸ ನಡೆಯುತ್ತಿದೆ. ಅನುಮಾನಕ್ಕೆ ಎಡೆಯಿಲ್ಲದ ಪರೀಕ್ಷೆ ಬೇಕೆನ್ನುವವರು ಹಾರ್ಫ್‌ಬಜ್ ಜತೆ ಬರುವ ಸಣ್ಣ ಸಾಧನವನ್ನು ಬಳಸಬಹುದು. ಅದು ಕೊಟ್ಟ ಕಡತವೊಂದನ್ನೇ ಬಳಸುತ್ತದೆ, ಬದಲಿ ಹುಡುಕುವುದಿಲ್ಲ:

```
hb-view --output-file=test.png NotoSansKannada-Regular.ttf "ಸ್ವಾತಂತ್ರ್ಯ"
```

ಫಾಂಟಿನ ಹೆಸರಿನ ಜಾಗದಲ್ಲಿ ಪರೀಕ್ಷಿಸಬೇಕಾದ ಕಡತದ ಹೆಸರು ಕೊಟ್ಟರೆ ಪದದ ಚಿತ್ರ ಸಿದ್ಧವಾಗುತ್ತದೆ. ಹೀಗೆ ಬಂದ ಚಿತ್ರ ಸರಿಯಾಗಿದ್ದು ವಿನ್ಯಾಸ ತಂತ್ರಾಂಶದಲ್ಲಿ ಮಾತ್ರ ಕೆಟ್ಟಿದ್ದರೆ ಫಾಂಟ್ ನಿರ್ದೋಷಿ.

ಎಲ್ಲಿಂದ ಹುಡುಕಾಟ ಆರಂಭಿಸಬೇಕು? ಪುಸ್ತಕ, ಪತ್ರಿಕೆಯ ಉದ್ದನೆಯ ಬರಹಕ್ಕೆ Noto Serif Kannada ಮತ್ತು Tiro Kannada, ತೆರೆಯ ಮೇಲಿನ ಓದಿಗೆ Noto Sans Kannada, ಶೀರ್ಷಿಕೆಗೆ ಹಲವು ದಪ್ಪಗಳಲ್ಲಿ ಸಿಗುವ Anek Kannada ಮತ್ತು ದುಂಡನೆಯ Baloo Tamma 2 ಇವೆ. ಇವೆಲ್ಲ ಮುಕ್ತ ಪರವಾನಗಿಯವು. ಅಚ್ಚಿಗೆ, ಜಾಲತಾಣಕ್ಕೆ, ಮಾರುವ ಪುಸ್ತಕಕ್ಕೆ ಕೂಡ ಯಾರ ಅಪ್ಪಣೆಯೂ ಬೇಡ. ಲಿನಕ್ಸ್ ಬಳಸುವವರಿಗೆ Lohit Kannada, Gubbi, Navilu ಪರಿಚಿತ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ Tunga ಇಂದಿಗೂ ಕೆಲವರ ಕಡತಗಳಲ್ಲಿದೆ. ಆದರೆ ವಿಂಡೋಸ್ 8ರಿಂದ ಈಚೆಗೆ ಕನ್ನಡವನ್ನು ತೋರಿಸುವುದು Nirmala UI, ಹೊಸ ಯಂತ್ರಗಳಲ್ಲಿ Tunga ತಾನಾಗಿಯೇ ಇರುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಜಾಲತಾಣ ನಡೆಸುವವರು ಓದುಗರ ಯಂತ್ರದಲ್ಲಿರುವ ಫಾಂಟಿನ ಮೇಲೆ ಭಾರ ಹಾಕದೆ ತಾವೇ ಫಾಂಟನ್ನು ಪುಟದ ಜತೆ ಕಳಿಸುವುದು ಲೇಸು.

ಒಳ್ಳೆಯ ಫಾಂಟನ್ನೂ ಕೆಡಿಸುವ ಎರಡು ಅಭ್ಯಾಸಗಳಿವೆ. ಇಂಗ್ಲಿಷ್ ಶೀರ್ಷಿಕೆಗಳಿಗೆ ಮಾಡುವಂತೆ ಅಕ್ಷರಗಳ ನಡುವೆ ಅಂತರ ಹೆಚ್ಚಿಸುವುದು ಮೊದಲನೆಯದು. ಕನ್ನಡದಲ್ಲಿ ಆ ಅಂತರ ಬುಡದ ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಬಿದ್ದು, ಒತ್ತು ಅನಾಥವಾಗಿ ದೂರ ಸರಿಯಬಹುದು. ಎರಡನೆಯದು ಸಾಲುಗಳನ್ನು ಒತ್ತೊತ್ತಾಗಿ ಇಡುವುದು. ‘ಷ್ಟ್ರ’ದಂಥ ಅಕ್ಷರ ಸಾಲಿನ ಕೆಳಗೆ ಬಹಳ ದೂರ ಇಳಿಯುತ್ತದೆ, ಜಾಗ ಸಾಲದಿದ್ದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಎತ್ತರ ಇದ್ದರೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ.

ಕೊನೆಯದಾಗಿ, ಮಾಡಬಾರದ ಒಂದು ಕೆಲಸ. ಒಡೆದ ರೂಪ ಕಂಡೊಡನೆ ಹಲವರು ಪಠ್ಯವನ್ನೇ ತಿದ್ದಲು ಹೊರಡುತ್ತಾರೆ. ‘ಸ್ವಾತಂತ್ರ್ಯ’ದ ‘ಯ’ ಒತ್ತನ್ನು ಕಿತ್ತು ‘ಸ್ವಾತಂತ್ರ’ ಮಾಡುತ್ತಾರೆ. ಸಂಕೇತಗಳನ್ನು ಹಿಂದುಮುಂದು ಮಾಡಿ ಆ ಒಂದು ತೆರೆಯಲ್ಲಿ ಸರಿಯಾಗಿ ಕಾಣುವಂತೆ ಹೊಂದಿಸುತ್ತಾರೆ. ಇಲ್ಲವೇ ಸರಿಯಾಗಿ ಕಂಡ ಕಡೆಯ ಚಿತ್ರ ತೆಗೆದು ಆ ಚಿತ್ರವನ್ನೇ ಲೇಖನವೆಂದು ಹಂಚುತ್ತಾರೆ. ಆ ತೆರೆ ನಾಳೆ ಬದಲಾಗುತ್ತದೆ, ತಿದ್ದಿದ ಪಠ್ಯ ಮಾತ್ರ ಕೆಟ್ಟದ್ದಾಗಿಯೇ ಉಳಿಯುತ್ತದೆ. ಹತ್ತು ವರ್ಷಗಳ ಮೇಲೆ ಯಾರಾದರೂ ‘ಸ್ವಾತಂತ್ರ್ಯ’ ಎಂದು ಹುಡುಕಿದರೆ ಆ ಲೇಖನ ಸಿಗುವುದಿಲ್ಲ. ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದ ಅಂಧ ಓದುಗರಿಗೆ ಚಿತ್ರವಾಗಿ ಬಂದ ಲೇಖನ ಮೌನ. ಹಿಂದುಮುಂದಾದ ಸಂಕೇತಗಳು ಅವರ ಕಿವಿಗೆ ಅಪಭ್ರಂಶ. ಸಮಾನತೆಯ ಬಗ್ಗೆ ಬರೆದ ಲೇಖನವೇ ಓದುಗರಲ್ಲಿ ಕೆಲವರನ್ನು ಹೊರಗಿಟ್ಟಂತಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಪಠ್ಯವನ್ನು ಉಚ್ಚಾರದ ಕ್ರಮದಲ್ಲಿ, ಯೂನಿಕೋಡಿನಲ್ಲಿ, ಒಮ್ಮೆ ಸರಿಯಾಗಿ ಬರೆದಿಟ್ಟ ಮೇಲೆ ಅದನ್ನು ಮುಟ್ಟದಿರುವುದು. ಕೆಟ್ಟು ಕಂಡರೆ ಮೊದಲು ತಂತ್ರಾಂಶದ ಆಯ್ಕೆಯನ್ನು, ಆಮೇಲೆ ಫಾಂಟನ್ನು ಬದಲಿಸುವುದು. ಎರಡೂ ಸೋತರೆ ಆ ತಂತ್ರಾಂಶವನ್ನೇ ಬಿಟ್ಟು ಬೇರೆಯದನ್ನು ಹಿಡಿಯುವುದು. ಅಚ್ಚಿಗೆ ಕಳಿಸುವ ಮುನ್ನ ಕನ್ನಡ ಓದಬಲ್ಲ ಒಬ್ಬರು ಕೊನೆಯ ಪಿಡಿಎಫ್‌ನ ಒತ್ತಕ್ಷರಗಳ ಮೇಲೆ ಮಾತ್ರ ಒಮ್ಮೆ ಕಣ್ಣಾಡಿಸುವುದು. ಮುದ್ರಣಾಲಯದವರಿಗೆ ಕನ್ನಡ ಬಾರದ ಊರುಗಳಲ್ಲಿ ಈ ತಪ್ಪನ್ನು ಹಿಡಿಯಬಲ್ಲವರು ಬೇರೆ ಯಾರೂ ಇರುವುದಿಲ್ಲ.